ಒದ್ದೆ ರಸ್ತೆಗೆ ಓಟದ ಶೂ: ಆಳವಾದ ಹಲ್ಲು ಬೇಕೇ, ನೀರಿಳಿಯುವ ದಾರಿ ಬೇಕೇ?

ಮುಂಜಾನೆ ಓಟ:
ಮಳೆ ಬಂದರೂ ಓಟ ಬಿಡದವರಿಗೆ ಒಂದು ಪ್ರಶ್ನೆ. ನನ್ನ ಈಗಿನ ಶೂ ಒಣ ರಸ್ತೆಯಲ್ಲಿ ಯಾವ ತಕರಾರೂ ಇಲ್ಲದೆ ಓಡುತ್ತದೆ. ರಸ್ತೆ ಒದ್ದೆಯಾಯಿತೆಂದರೆ ಜೀಬ್ರಾ ಪಟ್ಟಿಯ ಮೇಲೆ, ಅದರಲ್ಲೂ ತಿರುಗುವಾಗ, ಕಾಲು ಸರ್ರನೆ ಹೊರಕ್ಕೆ ಜಾರುತ್ತದೆ. ಇನ್ನೊಂದು ಕಿರಿಕಿರಿ ಎಂದರೆ ಇವತ್ತು ನೆನೆದ ಶೂ ನಾಳೆ ಬೆಳಿಗ್ಗೆಯೂ ಒಳಗೆ ತಣ್ಣಗಿರುತ್ತದೆ.

ಹೊಸ ಜೋಡಿ ಕೊಳ್ಳಬೇಕೆಂದಿದ್ದೇನೆ. ಕಾಡುದಾರಿಯ ಶೂಗಳಿಗೆ ಇರುವಂತಹ ಆಳವಾದ ಹಲ್ಲಿನ ಅಟ್ಟೆ, ನೀರು ಒಳಗೆ ಬಿಡದ ಪದರ, ಬೇಗ ಒಣಗುವ ಮಿಡ್‌ಸೋಲ್, ಈ ಮೂರೂ ಇರಬೇಕು ಎಂದು ಲೆಕ್ಕ ಹಾಕಿದ್ದೇನೆ. ಒಂದೇ ಶೂನಲ್ಲಿ ಮೂರೂ ಸಿಗುತ್ತವೆಯೇ? ಸಿಗದಿದ್ದರೆ ಯಾವುದನ್ನು ಬಿಡಬಹುದು?

ನೀಲಿ ಲೇಸ್:
ಮೂರನ್ನೂ ಬಿಡಬಹುದು. ತಮಾಷೆ ಮಾಡುತ್ತಿಲ್ಲ.

ಟಯರ್ ತಜ್ಞ:
ಆಳವಾದ ಹಲ್ಲು ಬೇಕೇ ಬೇಕು. ಕಾರಿನ ಟಯರ್ ಸವೆದರೆ ಮಳೆಯಲ್ಲಿ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ತೋಡುಗಳಲ್ಲಿ ನೀರು ಹರಿದುಹೋಗದಿದ್ದರೆ ಟಯರ್ ನೀರಿನ ಮೇಲೆ ತೇಲುತ್ತದೆ, ಬ್ರೇಕ್ ಒತ್ತಿದರೂ ಪ್ರಯೋಜನವಿಲ್ಲ. ಶೂಗೂ ಅದೇ ನಿಯಮ. ತೋಡು ಆಳವಿದ್ದಷ್ಟೂ ಒಳ್ಳೆಯದು.

ಅಚ್ಚುಮನೆ:
ಟಯರ್ ತಜ್ಞರು ಟಯರ್ ಬಗ್ಗೆ ಹೇಳಿದ್ದು ಸರಿ, ಶೂಗೆ ಅದನ್ನು ತಂದದ್ದು ಸರಿಯಲ್ಲ. ನಾನು ಅಟ್ಟೆಗಳನ್ನು ಅಚ್ಚು ಹಾಕುವ ಕೆಲಸದಲ್ಲಿ ಬಹುಕಾಲ ಇದ್ದವನು, ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಟಯರ್ ನೀರಿನ ಮೇಲೆ ತೇಲುವುದು ವೇಗದಿಂದ. ಮುಂದೆ ರಾಶಿಯಾಗುವ ನೀರನ್ನು ಪಕ್ಕಕ್ಕೆ ತಳ್ಳಲು ಸಮಯ ಸಾಲದೆ ಚಕ್ರ ಅದರ ಮೇಲೇರುತ್ತದೆ. ಓಡುವವನು ಗಂಟೆಗೆ 10 ಅಥವಾ 12 ಕಿಲೋಮೀಟರ್ ಹೋಗುತ್ತಾನೆ, ಅವನ ಪಾದ ಉರುಳುವುದಿಲ್ಲ, ಮೇಲಿನಿಂದ ಇಳಿದು ಸುಮಾರು ಕಾಲು ಸೆಕೆಂಡು ನೆಲದ ಮೇಲೆ ನಿಲ್ಲುತ್ತದೆ. ದಪ್ಪ ನೀರನ್ನು ಹೊರಹಾಕಲು ಅಷ್ಟು ಸಮಯ ಧಾರಾಳ. ತೊಂದರೆ ಕೊಡುವುದು ಕೊನೆಗೆ ಉಳಿಯುವ ತೆಳುವಾದ ನೀರಿನ ಪೊರೆ.

ಟಾರು ರಸ್ತೆಯಲ್ಲಿ ಆ ಪೊರೆಯನ್ನು ರಸ್ತೆಯೇ ಒಡೆಯುತ್ತದೆ. ಜಲ್ಲಿಯ ಮೊನೆಗಳು ನೀರಿನ ಮೇಲಕ್ಕೆ ಎದ್ದು ರಬ್ಬರಿಗೆ ಚುಚ್ಚಿಕೊಳ್ಳುತ್ತವೆ, ನೀರು ಜಲ್ಲಿಯ ಸಂದಿಗೆ ಇಳಿಯುತ್ತದೆ. ಜೀಬ್ರಾ ಪಟ್ಟಿಯ ಬಣ್ಣ ಆ ಮೊನೆಗಳನ್ನೂ ಸಂದಿಗಳನ್ನೂ ಮುಚ್ಚಿಬಿಟ್ಟಿರುತ್ತದೆ. ಕಬ್ಬಿಣದ ಮುಚ್ಚಳ, ನುಣ್ಣನೆಯ ಕಲ್ಲುಹಾಸು, ಟೈಲ್ಸ್ ಎಲ್ಲವೂ ಹಾಗೆಯೇ. ಅಲ್ಲಿ ಪೊರೆಯನ್ನು ಒಡೆಯುವ ಕೆಲಸ ಪೂರ್ತಿಯಾಗಿ ಶೂನ ಮೇಲೆ ಬೀಳುತ್ತದೆ. ಆ ಕೆಲಸಕ್ಕೆ ಬೇಕಾದದ್ದು ಮೆದುವಾದ ರಬ್ಬರ್, ನೆಲಕ್ಕೆ ತಾಗುವ ಹೆಚ್ಚು ಜಾಗ, ಮತ್ತು ಹರಿತವಾದ ಅಂಚುಗಳು. ಆಳ ಅಲ್ಲ.

ಕಾಡುದಾರಿಯ ಶೂ ಇದಕ್ಕೆ ತದ್ವಿರುದ್ಧ. ನಾಲ್ಕೈದು ಮಿಲಿಮೀಟರ್ ಎತ್ತರದ ಹಲ್ಲುಗಳು ದೂರದೂರ ಇರುತ್ತವೆ, ಕೆಸರಿನಲ್ಲಿ ಇಳಿದು ಹಿಡಿಯಲು. ಬಣ್ಣದ ಪಟ್ಟಿಯಲ್ಲಿ ಇಳಿಯುವುದು ಎಲ್ಲಿಗೆ? ಹಲ್ಲುಗಳ ತುದಿಯಷ್ಟೇ ನೆಲಕ್ಕೆ ತಾಗುತ್ತದೆ. ಜೊತೆಗೆ ಕಲ್ಲಿಗೆ ಹರಿಯದಿರಲೆಂದು ಎಷ್ಟೋ ಮಾದರಿಗಳಲ್ಲಿ ರಬ್ಬರನ್ನೂ ಗಟ್ಟಿ ಮಾಡಿರುತ್ತಾರೆ.

ನಿಧಾನಗತಿ:
ನನ್ನ ಕಾಡುದಾರಿಯ ಶೂ ಮಾತ್ರ ಒದ್ದೆ ಟೈಲ್ಸ್ ಮೇಲೂ ಅಂಟಿಕೊಂಡಂತೆ ನಿಲ್ಲುತ್ತದೆ. ಅಟ್ಟೆಯ ಮೇಲೆ ವೈಬ್ರಮ್ ಮೆಗಾಗ್ರಿಪ್ ಎಂಬ ಹಳದಿ ಗುರುತಿದೆ. ಹಾಗಾದರೆ ಅಚ್ಚುಮನೆಯವರ ಮಾತು ಪೂರ್ತಿ ಸರಿಯಲ್ಲ.

ಅಚ್ಚುಮನೆ:
ಅದು ನನ್ನ ಮಾತಿಗೇ ಸಾಕ್ಷಿ. ಆ ರಬ್ಬರನ್ನು ಒದ್ದೆ ಬಂಡೆಗೆಂದೇ ಬೆರೆಸಿ ಮಾಡುತ್ತಾರೆ. ಹಿಡಿತ ಬಂದದ್ದು ಬೆರಕೆಯಿಂದ. ಅದೇ ರಬ್ಬರಿನಲ್ಲಿ ಹಲ್ಲು ಗಿಡ್ಡವಿದ್ದು ತಾಗುವ ಜಾಗ ಹೆಚ್ಚಿದ್ದರೆ ರಸ್ತೆಯಲ್ಲಿ ಇನ್ನೂ ಚೆನ್ನಾಗಿರುತ್ತದೆ. ರಸ್ತೆಯ ಶೂಗಳಲ್ಲಿ ಅಡಿಡಾಸ್‌ನವರು ಕೆಲವು ಮಾದರಿಗಳಿಗೆ ಟಯರ್ ಕಂಪನಿ ಕಾಂಟಿನೆಂಟಲ್‌ನ ರಬ್ಬರ್ ಹಾಕುತ್ತಾರಲ್ಲ, ಅದರ ವಿನ್ಯಾಸ ನೋಡಿ, ತೋಡು ಆಳವೇ ಇಲ್ಲ. ಟಯರ್ ತಜ್ಞರು ಸಂತೋಷಪಡಬಹುದು, ಟಯರಿನಿಂದ ಶೂಗೆ ಬಂದದ್ದು ರಬ್ಬರ್, ತೋಡಲ್ಲ.

ಟಯರ್ ತಜ್ಞ:
ಸಂತೋಷವೇ. ಆದರೆ ತೋಡೇ ಇಲ್ಲದ ನುಣ್ಣನೆಯ ಅಟ್ಟೆ ಒಳ್ಳೆಯದೆಂದು ನೀವೂ ಹೇಳಲಾರಿರಿ. ಹಾಗಾದರೆ ವಿನ್ಯಾಸದಲ್ಲಿ ನೋಡಬೇಕಾದದ್ದೇನು?

ಅಚ್ಚುಮನೆ:
ಸೀಳುಗಳನ್ನು ನೋಡಬೇಕು. ದೋಣಿಯ ಮೇಲೆ ಹಾಕುವ ಶೂಗಳ ಅಟ್ಟೆಯನ್ನು ಬಗ್ಗಿಸಿ ನೋಡಿದ್ದೀರಾ? ನೇರವಾಗಿ ನೋಡಿದರೆ ಸಪಾಟು, ಬಗ್ಗಿಸಿದರೆ ಬ್ಲೇಡಿನಲ್ಲಿ ಗೀರಿದಂತಹ ಅಲೆಅಲೆಯಾದ ಸೀಳುಗಳು ಬಾಯಿಬಿಡುತ್ತವೆ. ಪಾಲ್ ಸ್ಪೆರಿ 1935ರಲ್ಲಿ ಒದ್ದೆ ಹಲಗೆಯ ಮೇಲೆ ಜಾರದಿರಲೆಂದು ಮಾಡಿದ ಉಪಾಯ ಅದು. ಪಾದ ಬಗ್ಗಿದಾಗ ಪ್ರತಿ ಸೀಳಿನ ಅಂಚೂ ನೀರಿನ ಪೊರೆಯನ್ನು ಕೆರೆದು ಪಕ್ಕಕ್ಕೆ ಸರಿಸುತ್ತದೆ. ರಸ್ತೆ ಶೂನಲ್ಲಿ ಮುಂಗಾಲಿನ ಕೆಳಗೆ ಸಣ್ಣ ಸಣ್ಣ ಕಟ್ಟೆಗಳು ಒತ್ತಾಗಿ, ನಡುವೆ ಕಿರಿದಾದ ಸಂದಿಗಳು ಅಂಚಿನವರೆಗೂ ತೆರೆದುಕೊಂಡಿದ್ದರೆ ಸಾಕು. ಸಂದಿ ಎಲ್ಲೂ ಹೊರಗೆ ತೆರೆದುಕೊಳ್ಳದೆ ಸುತ್ತ ಮುಚ್ಚಿದ್ದರೆ ನೀರು ಅಲ್ಲೇ ಸಿಕ್ಕಿಬೀಳುತ್ತದೆ.

ಕಟ್ಟೆಗಳ ಅಂಚು ಬೆರಳಿಗೆ ಚೂಪಾಗಿ ತಗಲಬೇಕು. ಅಂಚು ಉರುಟಾದ ದಿನ ಒದ್ದೆಯ ಹಿಡಿತ ಹೋಯಿತೆಂದೇ ಲೆಕ್ಕ, ರಬ್ಬರ್ ಇನ್ನೂ ದಪ್ಪವಾಗಿ ಉಳಿದಿದ್ದರೂ ಸರಿ.

ಸೈಕಲ್ ಸವಾರ:
ಒದ್ದೆ ರಸ್ತೆಗೆ ಟಯರಿನ ಗಾಳಿ ಸ್ವಲ್ಪ ಕಡಿಮೆ ಮಾಡಿ. ನಾನು ಮಳೆಗಾಲದಲ್ಲಿ 28 ಮಿಲಿಮೀಟರ್ ಟಯರ್ ಹಾಕಿಸುತ್ತೇನೆ.

ನೀಲಿ ಲೇಸ್:
ಸೈಕಲ್ ಸವಾರರೇ, ಪ್ರಶ್ನೆ ಓದಿದ್ದೀರಾ?

ಸೈಕಲ್ ಸವಾರ:
ಶೀರ್ಷಿಕೆಯಲ್ಲಿ ಒದ್ದೆ ರಸ್ತೆ ಎಂದಿತ್ತು. ಇರಲಿ, ಉಪಯೋಗವಾಗುವವರಿಗೆ ಆಗಲಿ.

ಮುಂಜಾನೆ ಓಟ:
ನನ್ನ ಈಗಿನ ಶೂನ ಅಟ್ಟೆ ಅಷ್ಟೇನೂ ಸವೆದಿಲ್ಲ. ಹಿಮ್ಮಡಿಯಲ್ಲಿ ಕಪ್ಪು ರಬ್ಬರ್ ದಪ್ಪವಾಗಿಯೇ ಇದೆ. ಮುಂದೆ, ಹೆಬ್ಬೆರಳಿನ ಕೆಳಗೆ, ಬೂದು ಬಣ್ಣದ ಒಂದು ತುಂಡು ಇದೆ. ನಡುವೆ ಎಲ್ಲ ಬಿಳಿ ಫೋಮ್. ಹೀಗಿದ್ದೂ ಜಾರುವುದೇಕೆ?

ಅಚ್ಚುಮನೆ:
ಊಹಿಸುವ ಬದಲು ನೋಡಿಬಿಡೋಣ. ಅಟ್ಟೆಯನ್ನು ನೀರಿನಲ್ಲಿ ಅದ್ದಿ ಒಣಗಿದ ಸಿಮೆಂಟ್ ನೆಲದ ಮೇಲೆ ನಿಮ್ಮ ಎಂದಿನ ವೇಗದಲ್ಲಿ ಓಡಿ, ತಿರುವು ಹೇಗೆ ತೆಗೆದುಕೊಳ್ಳುತ್ತೀರೋ ಹಾಗೆಯೇ ಒಮ್ಮೆ ತಿರುಗಿ. ಗುರುತು ಒಣಗುವ ಮೊದಲು ಶೂ ಕಳಚಿ ತಲೆಕೆಳಗು ಹಿಡಿದು ಹೋಲಿಸಿ. ಮೊದಲು ನೆಲಕ್ಕೆ ತಾಗುವುದು ಎಲ್ಲಿ, ತಿರುಗುವಾಗ ಭಾರ ಬೀಳುವುದು ಎಲ್ಲಿ, ಅಲ್ಲಿರುವುದು ರಬ್ಬರೋ ಫೋಮೋ ಎಂದು ಹೇಳಿ.

ಬಕೆಟ್ ಪರೀಕ್ಷೆ:
ಅವರು ನೋಡಿ ಬರುವವರೆಗೆ ನಾನು ಒಣಗುವ ವಿಷಯ ಎತ್ತುತ್ತೇನೆ. "ಬೇಗ ಒಣಗುವ ಮಿಡ್‌ಸೋಲ್" ಎಂಬ ಮಾತನ್ನು ಕೇಳಿದರೆ ನನಗೆ ರೇಗುತ್ತದೆ. ಓಟದ ಶೂಗಳ ಮಿಡ್‌ಸೋಲ್ ಇವಿಎ ಇರಲಿ, ಪೆಬಾ ಇರಲಿ, ಅದು ಮುಚ್ಚಿದ ಗುಳ್ಳೆಗಳ ಫೋಮ್. ಒಂದೊಂದು ಗುಳ್ಳೆಗೂ ಅದರದೇ ಗೋಡೆ. ನೀರು ಒಳಗೆ ಹೋಗುವುದೇ ಅಪರೂಪ, ಇನ್ನು ಬೇಗ ಒಣಗುವುದೇನು ಬಂತು?

ಹಳೆಯ ಶೂನ ಮಿಡ್‌ಸೋಲಿನಿಂದ ಒಂದು ತುಂಡು ಕತ್ತರಿಸಿ ರಾತ್ರಿಯಿಡೀ ನೀರಿನಲ್ಲಿ ಒತ್ತಿಟ್ಟಿದ್ದೆ. ಒರೆಸಿ ತೂಗಿದಾಗ 40 ಗ್ರಾಂ ಇದ್ದದ್ದು 42 ಆಗಿತ್ತು, ಅದೂ ಕತ್ತರಿಸಿದ ಮುಖದಲ್ಲಿ ಒಡೆದ ಗುಳ್ಳೆಗಳು ಹಿಡಿದ ನೀರು ಎಂದು ಕಾಣುತ್ತದೆ.

ಮುಂಜಾನೆ ಓಟ:
ಹಾಗಾದರೆ ನನ್ನ ಶೂನಲ್ಲಿ ಮರುದಿನದವರೆಗೂ ನೀರು ಇರುವುದೆಲ್ಲಿ?

ಬಕೆಟ್ ಪರೀಕ್ಷೆ:
ಇನ್‌ಸೋಲಿನಲ್ಲಿ, ಅದರ ಕೆಳಗೆ ಹೊಲಿದಿರುವ ಬಟ್ಟೆಯಲ್ಲಿ, ನಾಲಿಗೆಯ ಮೆತ್ತೆಯಲ್ಲಿ, ಹಿಮ್ಮಡಿಯ ಸುತ್ತಲಿನ ಮೆತ್ತೆಯಲ್ಲಿ. ಇನ್‌ಸೋಲನ್ನು ಎತ್ತಿ ನೋಡಿ, ಕೆಳಗೆ ಅಂಚಿನ ಸುತ್ತ ಹೊಲಿಗೆ ಹಾಕಿದ ಒಂದು ತಳಬಟ್ಟೆ ಕಾಣುತ್ತದೆ. ಅದೂ ಮಿಡ್‌ಸೋಲೂ ಅಂಟಿಕೊಂಡಿರುವುದರಿಂದ ಕೆಳಗಿನಿಂದ ಗಾಳಿ ತಾಗುವುದಿಲ್ಲ, ಮೇಲೆ ಇನ್‌ಸೋಲ್ ಮುಚ್ಚಳದಂತೆ ಕೂತಿರುತ್ತದೆ. ತಣ್ಣಗೆ ಉಳಿಯುವುದು ಅಲ್ಲಿಯೇ. ಇನ್‌ಸೋಲ್ ಬಹಳ ಶೂಗಳಲ್ಲಿ ತೆರೆದ ಗುಳ್ಳೆಗಳ ಫೋಮಿನದು, ಪಾತ್ರೆ ತೊಳೆಯುವ ಸ್ಪಂಜಿನ ಹಾಗೆ ಕುಡಿಯುತ್ತದೆ.

ನನ್ನ ಎರಡು ಶೂಗಳ ತೂಕ ಬರೆದಿಟ್ಟುಕೊಂಡಿದ್ದೇನೆ, ಒಂದೊಂದು ಕಾಲಿನದು ಮಾತ್ರ. ಮೆತ್ತೆ ಹೆಚ್ಚಿರುವ ಶೂ ಒಣಗಿದ್ದಾಗ 262 ಗ್ರಾಂ. ಬಕೆಟ್‌ನಲ್ಲಿ ಮುಳುಗಿಸಿ ಒಂದು ನಿಮಿಷ ತಲೆಕೆಳಗು ಹಿಡಿದ ಮೇಲೆ 418. ಹಾಕಿಕೊಂಡು ಸ್ವಲ್ಪ ಓಡಿ ಬಂದ ಮೇಲೆ 356. ಅಂದರೆ ಹೆಜ್ಜೆ ಹಿಂಡಿದ ಮೇಲೂ 94 ಗ್ರಾಂ ನೀರು ಒಳಗೇ ಇತ್ತು, ಅದರಲ್ಲಿ ಇನ್‌ಸೋಲ್ ಒಂದರಲ್ಲೇ 29. ಮೆತ್ತೆ ಕಡಿಮೆ ಇರುವ, ತೆಳು ನಾಲಿಗೆಯ ಶೂ ಒಣಗಿದ್ದಾಗ 231, ಓಡಿದ ಮೇಲೆ 284. ಉಳಿದದ್ದು 53 ಗ್ರಾಂ. ಎರಡಕ್ಕೂ ಮಿಡ್‌ಸೋಲ್ ಇವಿಎ, ದಪ್ಪವೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಪೂರ್ತಿ ಮೇಲಿನ ಬಟ್ಟೆ ಮತ್ತು ಮೆತ್ತೆಯದು.

ನಿಧಾನಗತಿ:
ಅಂಗಡಿಯಲ್ಲಿ ಬಕೆಟ್ ಇಟ್ಟುಕೊಂಡು ಶೂ ಮುಳುಗಿಸಲು ಬಿಡುತ್ತಾರೆಯೇ?

ಬಕೆಟ್ ಪರೀಕ್ಷೆ:
ಬಿಡುವುದಿಲ್ಲ, ಬಿಡಲೂಬಾರದು. ನಾಲಿಗೆಯನ್ನು ಎರಡು ಬೆರಳ ನಡುವೆ ಹಿಸುಕಿ ನೋಡಿ, ದಪ್ಪ ಮೆತ್ತೆ ಎಂದರೆ ಅಷ್ಟು ನೀರು. ಇನ್‌ಸೋಲ್ ಹೊರಬರುತ್ತದೆಯೇ ನೋಡಿ, ಅಂಟಿಸಿದ್ದರೆ ಒಣಗಿಸುವುದು ಕಷ್ಟ. ಮುಂಭಾಗದ ಮೆಶ್ ಅನ್ನು ಬೆಳಕಿಗೆ ಹಿಡಿದರೆ ಒಳಗೆ ಕೈ ಹಾಕಿದ ಬೆರಳು ಕಾಣಬೇಕು. ಅಲ್ಲಿಂದಲೇ ನೀರು ಹೊರಗೆ ಹೋಗುವುದು.

ಹಿಮಪಾದ:
ನೀರು ಒಳಗೆ ಬಿಡದ ಪದರದ ಬಗ್ಗೆ ಯಾರೂ ಹೇಳಲಿಲ್ಲ. ನಾನು ಗೋರ್‌ಟೆಕ್ಸ್ ಇರುವ ಶೂ ಹಾಕುತ್ತೇನೆ, ಒದ್ದೆ ಹುಲ್ಲು, ತುಂತುರು ಮಳೆಗೆ ಕಾಲು ಬೆಚ್ಚಗೆ ಒಣಗಿಯೇ ಇರುತ್ತದೆ.

ನೀಲಿ ಲೇಸ್:
ತುಂತುರಿಗೆ ಸರಿ. ಜೋರು ಮಳೆಯಲ್ಲಿ ನೀರು ಬರುವುದು ಕಾಲಿನ ಮೇಲಿಂದ ಇಳಿದು, ಕಾಲುಚೀಲದ ಮೂಲಕ. ಕಣಕಾಲಿನ ಬಳಿ ಬಾಯಿ ತೆರೆದೇ ಇದೆಯಲ್ಲ. ಒಳಗೆ ಬಂದ ನೀರನ್ನು ಆ ಪದರ ಹೊರಗೆ ಬಿಡುವುದಿಲ್ಲ. ಹೊಂಡದಲ್ಲಿ ಒಮ್ಮೆ ಕಾಲಿಟ್ಟರೆ ಮುಗಿಯಿತು, ಉಳಿದ ದಾರಿಯೆಲ್ಲ ಪಚಪಚ.

ಹಿಮಪಾದ:
ಚಳಿಯಲ್ಲಿ ಓಡುವವರಿಗೆ ಆ ನೀರೂ ಸ್ವಲ್ಪ ಹೊತ್ತಿಗೆ ಬೆಚ್ಚಗಾಗುತ್ತದೆ, ಮೆಶ್‌ನಲ್ಲಿ ಗಾಳಿ ನುಗ್ಗಿ ಬೆರಳು ಮರಗಟ್ಟುವುದಕ್ಕಿಂತ ಎಷ್ಟೋ ಮೇಲು. ಎಲ್ಲರ ಮಳೆಯೂ ಒಂದೇ ಅಲ್ಲ.

ಬಕೆಟ್ ಪರೀಕ್ಷೆ:
ಒಪ್ಪಿದೆ, ಚಳಿಗೆ ಅದರ ಉಪಯೋಗವಿದೆ. ಆದರೆ ಮುಂಜಾನೆ ಓಟದವರ ದೂರು ಮರುದಿನವೂ ಒದ್ದೆ ಎಂಬುದು. ಆ ದೂರಿಗೆ ಪದರವಿರುವ ಶೂ ಮದ್ದಲ್ಲ, ಒಣಗುವುದು ಇನ್ನೂ ನಿಧಾನವಾಗುತ್ತದೆ.

ತೂತು ಕೊರೆದವ:
ನಾನು ಸುಲಭದ ದಾರಿ ಹಿಡಿದೆ. ಕಾಯಿಸಿದ ದಬ್ಬಣದಿಂದ ಮೇಲ್ಬಟ್ಟೆಯ ಕೆಳಅಂಚಿನಲ್ಲಿ, ಕಮಾನಿನ ಪಕ್ಕ, ಒಂದೊಂದು ಬದಿಗೂ ಸಣ್ಣ ತೂತುಗಳನ್ನು ಹಾಕಿದೆ. ಹೊಂಡದಿಂದ ಹೊರಬಂದ ಮೇಲೆ ಪ್ರತಿ ಹೆಜ್ಜೆಗೂ ನೀರು ಚಿಮ್ಮಿ ಹೊರಗೆ ಹೋಗುವುದು ಕಾಣುತ್ತದೆ.

ಅಚ್ಚುಮನೆ:
ತಳಬಟ್ಟೆಯ ಹೊಲಿಗೆಗೆ ತಗಲಿದರೆ ಅಲ್ಲಿಂದಲೇ ಬಿಚ್ಚಿಕೊಳ್ಳುತ್ತದೆ. ಮಿಡ್‌ಸೋಲಿಗೂ ಮೇಲ್ಬಟ್ಟೆಗೂ ಅಂಟು ಹಾಕಿರುವ ಗೆರೆಯ ಹತ್ತಿರ ಬಿಸಿ ದಬ್ಬಣ ತರುವುದನ್ನು ನಾನಂತೂ ಸಲಹೆ ಮಾಡುವುದಿಲ್ಲ. ಮೆಶ್ ತೆಳುವಾಗಿದ್ದರೆ ಆ ತೂತುಗಳ ಅಗತ್ಯವೂ ಇಲ್ಲ.

ತೂತು ಕೊರೆದವ:
ಮೆಶ್‌ನ ಕೆಳಭಾಗದಲ್ಲಿ ಸುತ್ತಲೂ ಪ್ಲಾಸ್ಟಿಕ್ ಪಟ್ಟಿ ಅಂಟಿಸಿರುವ ಶೂಗಳಿಗೆ ಏನು ಮಾಡುತ್ತೀರಿ? ನೀರು ಆ ಪಟ್ಟಿಯ ಎತ್ತರಕ್ಕೆ ತೊಟ್ಟಿಯಂತೆ ನಿಲ್ಲುತ್ತದೆ. ನನ್ನದು ಅಂಥದ್ದೇ.

ಅಚ್ಚುಮನೆ:
ಅಂಥದ್ದನ್ನು ಒದ್ದೆ ರಸ್ತೆಗೆ ಕೊಳ್ಳದಿರುವುದು. ಕೊಂಡಾಗಿದ್ದರೆ ನಿಮ್ಮ ಶೂ, ನಿಮ್ಮ ದಬ್ಬಣ.

ಮುಂಜಾನೆ ಓಟ:
ನೆಲದ ಮೇಲೆ ಓಡಿ ನೋಡಿದೆ. ಅಚ್ಚುಮನೆಯವರೇ, ಹಿಮ್ಮಡಿಯ ಗುರುತು ಬಹಳ ಮಾಸಲು, ಕಪ್ಪು ರಬ್ಬರಿನ ಹಿಂದಿನ ಅಂಚು ಬಿಟ್ಟರೆ ಏನೂ ಇಲ್ಲ. ಗಾಢವಾಗಿ ಬಿದ್ದದ್ದು ಕಿರುಬೆರಳಿನ ಹಿಂದೆ, ಪಾದದ ಹೊರಅಂಚು. ತಿರುಗಿದ ಜಾಗದಲ್ಲಿ ಅದೇ ಹೊರಅಂಚಿನ ಗುರುತು ಉದ್ದವಾಗಿ ಎಳೆದಂತಿದೆ. ಶೂ ತಿರುಗಿಸಿ ನೋಡಿದರೆ ಅಲ್ಲಿ ರಬ್ಬರೇ ಇಲ್ಲ, ಬಿಳಿ ಫೋಮ್. ಕೈಯಿಂದ ಉಜ್ಜಿದರೆ ಮೇಣದಂತೆ ನುಣ್ಣಗಿದೆ.

ಅಚ್ಚುಮನೆ:
ಅಲ್ಲಿಗೆ ಜಾರುವುದಕ್ಕೆ ಕಾರಣ ಸಿಕ್ಕಿತು. ತೂಕ ಇಳಿಸಲು ರಬ್ಬರನ್ನು ಎಲ್ಲಿ ಕಡಿಮೆ ಸವೆಯುತ್ತದೋ ಅಲ್ಲಿ ಬಿಟ್ಟುಬಿಡುತ್ತಾರೆ. ಹಿಮ್ಮಡಿಯಲ್ಲಿ ಇಳಿದು ನೇರವಾಗಿ ಹೋಗುವವರಿಗೆ ಅದು ನಡೆಯುತ್ತದೆ. ನೀವು ಪಾದದ ಹೊರಅಂಚಿನಲ್ಲಿ ಇಳಿಯುವವರು, ತಿರುವಿನಲ್ಲಿ ಪೂರ್ತಿ ಭಾರ ಅಲ್ಲೇ ಬೀಳುತ್ತದೆ. ಫೋಮ್ ಒಣ ಟಾರಿನ ಮೇಲೆ ಹಿಡಿಯುತ್ತದೆ, ಒದ್ದೆ ಬಣ್ಣದ ಮೇಲೆ ಹಿಡಿಯುವುದಿಲ್ಲ. ಇನ್ನು ಹಿಮ್ಮಡಿಯ ಕಪ್ಪು ರಬ್ಬರ್ ಸವೆಯದೆ ಉಳಿದದ್ದಕ್ಕೆ ನೀವು ಅದನ್ನು ಬಳಸದಿರುವುದೂ ಕಾರಣ, ಅದು ಗಟ್ಟಿ ಇಂಗಾಲದ ರಬ್ಬರ್ ಆಗಿರುವುದೂ ಕಾರಣ.

ಹೊಸದನ್ನು ಆರಿಸುವಾಗ ಕಿರುಬೆರಳಿನ ಹಿಂದಿನ ಆ ಜಾಗಕ್ಕೆ ಹೆಬ್ಬೆರಳಿನ ಉಗುರು ಒತ್ತಿ. ಉಗುರು ಸ್ವಲ್ಪ ಇಳಿದು, ಬಿಟ್ಟ ಕೂಡಲೇ ಗುರುತು ಮಾಯವಾದರೆ ಮೆದು ರಬ್ಬರ್. ಇಳಿಯದೇ ಜಾರಿದರೆ ಗಟ್ಟಿಯದು. ಇಳಿದ ಗುರುತು ಹಾಗೆಯೇ ನಿಂತರೆ ಅದು ಬರಿಯ ಫೋಮ್, ಪಕ್ಕಕ್ಕಿಡಿ. ಮೆದು ರಬ್ಬರ್ ಬೇಗ ಸವೆಯುತ್ತದೆ ಎಂಬುದೂ ಗೊತ್ತಿರಲಿ, ಎರಡೂ ಒಟ್ಟಿಗೆ ಸಿಗುವುದು ಕಷ್ಟ.

ಟಯರ್ ತಜ್ಞ:
ಕಾರ್ಖಾನೆಯ ಕೆಲಸಗಾರರ ಶೂಗಳ ಮೇಲೆ ಎಸ್‌ಆರ್‌ಸಿ ಎಂದು ಬರೆದಿರುತ್ತದೆ. ಜಾರುವ ಪರೀಕ್ಷೆ ಪಾಸಾದ ಗುರುತು. ಓಟದ ಶೂನಲ್ಲೂ ಅದನ್ನು ಹುಡುಕಿದರೆ ಉಗುರಿನ ಪರೀಕ್ಷೆಯೇ ಬೇಡವಲ್ಲ.

ಅಚ್ಚುಮನೆ:
ಹುಡುಕಿದರೆ ಸಿಗುವುದಿಲ್ಲ. ಆ ಗುರುತು ಸುರಕ್ಷತಾ ಪಾದರಕ್ಷೆಗಳ ನಿಯಮದ್ದು. ಸೋಪಿನ ನೀರು ಹಾಕಿದ ಟೈಲ್ಸ್ ಮತ್ತು ಗ್ಲಿಸರಿನ್ ಹಾಕಿದ ಉಕ್ಕಿನ ಮೇಲೆ ಪರೀಕ್ಷಿಸುತ್ತಿದ್ದರು, 2022ರ ಪರಿಷ್ಕರಣೆಯಲ್ಲಿ ಗುರುತೂ ಬದಲಾಯಿತು. ಓಟದ ಶೂಗಳಿಗೆ ಅಂಥ ಗುರುತು ಹಾಕುವ ರೂಢಿ ಇಲ್ಲ.

ಹಿಮಪಾದ:
ಚಳಿಯಲ್ಲಿ ಉಗುರಿನ ಪರೀಕ್ಷೆ ಬೇರೆ ಫಲ ಕೊಡುತ್ತದೆ, ಜಾಗ್ರತೆ. ಬೆಚ್ಚಗಿನ ಅಂಗಡಿಯಲ್ಲಿ ಮೆದುವಾಗಿದ್ದ ರಬ್ಬರ್ ಹೊರಗೆ ಗಟ್ಟಿಯಾಗುತ್ತದೆ.

ನಿಧಾನಗತಿ:
ಹೊಸ ಶೂ ಮೊದಮೊದಲು ಒದ್ದೆಯಲ್ಲಿ ಹೆಚ್ಚು ಜಾರುತ್ತದೆ ಎಂದು ನನಗೆ ಅನಿಸುತ್ತದೆ. ಭ್ರಮೆಯೇ?

ಅಚ್ಚುಮನೆ:
ಭ್ರಮೆಯಲ್ಲ. ಅಚ್ಚಿನಿಂದ ಸುಲಭವಾಗಿ ಕಳಚಲೆಂದು ಬಳಿಯುವ ಲೇಪದ ಅಂಶ ರಬ್ಬರಿನ ಮೇಲೆ ಉಳಿದಿರಬಹುದು, ಮೇಲ್ಮೈಯೂ ಹೊಳಪಾಗಿರುತ್ತದೆ. ಒಣ ಟಾರಿನ ಮೇಲೆ ಕೆಲವು ಓಟ ಓಡಿ ಆ ಹೊಳಪು ಹೋದ ಮೇಲೆ ಮಳೆಗೆ ತೆಗೆಯಿರಿ.

ನೀಲಿ ಲೇಸ್:
ಎಷ್ಟೇ ಒಳ್ಳೆಯ ರಬ್ಬರ್ ಇದ್ದರೂ ಬಹುದಿನಗಳ ಬಿಸಿಲಿನ ನಂತರ ಬೀಳುವ ಮೊದಲ ಹನಿಗಳಲ್ಲಿ ಹುಷಾರು. ರಸ್ತೆಯ ಎಣ್ಣೆ ಮತ್ತು ದೂಳು ನೀರಿನೊಂದಿಗೆ ಸೇರಿ ಲೇಹದಂತಾಗಿರುತ್ತದೆ. ಜೋರು ಮಳೆ ತೊಳೆದ ಮೇಲೆ ಅದೇ ರಸ್ತೆ ಎಷ್ಟೋ ವಾಸಿ. ಪಾಚಿ ಕಟ್ಟಿದ ಕಲ್ಲುಹಾಸಿಗಂತೂ ಯಾವ ಶೂನೂ ಇಲ್ಲ, ಸುತ್ತಿ ಹೋಗಬೇಕು.

ಹೊಸಬ:
ನಡುವೆ ಬಾಯಿ ಹಾಕುತ್ತಿದ್ದೇನೆ. ನೆನೆದ ಶೂ ಬೇಗ ಒಣಗಲಿ ಎಂದು ಬಿಸಿಗಾಳಿಯ ಹೀಟರ್ ಮುಂದೆ ಇಡುತ್ತೇನೆ. ಇತ್ತೀಚೆಗೆ ಶೂ ಬಿಗಿಯಾದಂತಿದೆ. ಕಾಲು ದೊಡ್ಡದಾಗುತ್ತಿದೆಯೇ?

ಬಕೆಟ್ ಪರೀಕ್ಷೆ:
ಕಾಲಲ್ಲ, ಶೂ ಚಿಕ್ಕದಾಗಿದೆ. ಇವಿಎ ಫೋಮ್ ಬಿಸಿಗೆ ಕುಗ್ಗುತ್ತದೆ, ಅಂಟೂ ಸಡಿಲವಾಗುತ್ತದೆ. ಶೂಗಳನ್ನು ಸಪಾಟು ಮೇಜಿನ ಮೇಲಿಡಿ, ತುದಿ ಮೇಲಕ್ಕೆ ಸುರುಟಿಕೊಂಡಿದ್ದರೆ ಅದೇ ಗುರುತು.

ಒಣಗಿಸಲು ಬಿಸಿ ಬೇಕಿಲ್ಲ, ಗಾಳಿ ಬೇಕು. ಲೇಸನ್ನು ಕೆಳಗಿನವರೆಗೆ ಸಡಿಲಿಸಿ ನಾಲಿಗೆಯನ್ನು ಮುಂದಕ್ಕೆ ಎಳೆದು, ಇನ್‌ಸೋಲ್ ಹೊರತೆಗೆದು ಬೇರೆ ನಿಲ್ಲಿಸಿ. ಒಳಗೆ ಹಳೆಯ ಪತ್ರಿಕೆ ತುರುಕಿ, ಒಂದು ಗಂಟೆಯ ನಂತರ ಆ ಕಾಗದ ತೆಗೆದು ಹೊಸದು ಹಾಕಿ. ಈ ಬದಲಾಯಿಸುವುದನ್ನೇ ಜನ ಮರೆಯುತ್ತಾರೆ, ಒದ್ದೆ ಕಾಗದ ಒಳಗೇ ಕೂತರೆ ಅದೇ ಇನ್ನೊಂದು ಇನ್‌ಸೋಲ್. ಆಮೇಲೆ ಕಾಗದ ತೆಗೆದು ಫ್ಯಾನ್ ಕೆಳಗೆ ಮಲಗಿಸಿಡಿ. ಮೇಲೆ ಹೇಳಿದ 262 ಗ್ರಾಂ ಶೂ ಹೀಗೆ ಮಾಡಿದಾಗ ಎಂಟು ಗಂಟೆಯಲ್ಲಿ 279ಕ್ಕೆ ಇಳಿಯಿತು. ಇನ್‌ಸೋಲ್ ತೆಗೆಯದೆ ಇಟ್ಟಾಗ ಅಷ್ಟೇ ಹೊತ್ತಿಗೆ 301. ತೆಳು ಶೂ 233, ಅಂದರೆ ಹೆಚ್ಚುಕಡಿಮೆ ಒಣಗಿದಂತೆ.

ಹೊಸಬ:
ತುದಿ ಸುರುಟಿದೆ. ಧನ್ಯವಾದ, ಕೆಟ್ಟ ಸುದ್ದಿಗೆ.

ತೂತು ಕೊರೆದವ:
ಹತ್ತಿಯ ಕಾಲುಚೀಲ ಹಾಕಿಕೊಂಡು ಶೂಗೆ ಬಯ್ಯುವವರೂ ಇದ್ದಾರೆ. ಅರ್ಧ ನೀರು ಅದರಲ್ಲೇ ಇರುತ್ತದೆ, ಬೊಬ್ಬೆ ಏಳುವುದೂ ಅದರಿಂದಲೇ. ತೆಳುವಾದ ಪಾಲಿಯೆಸ್ಟರ್ ಅಥವಾ ಮೆರಿನೋ ಉಣ್ಣೆಯದು ಹಾಕಿ.

ಟಯರ್ ತಜ್ಞ:
ಬೊಬ್ಬೆಗೆ ವ್ಯಾಸಲಿನ್ ಸಾಕು. ಕಾಲುಚೀಲದ ಚರ್ಚೆ ಹಿಂದಿನ ವರ್ಷ ಇಲ್ಲೇ ಜಗಳದಲ್ಲಿ ಮುಗಿದದ್ದು ನೆನಪಿದೆ, ಮತ್ತೆ ಬೇಡ.

ಮುಂಜಾನೆ ಓಟ:
ಅಂಗಡಿಗೆ ಹೋಗಿದ್ದೆ. ಎರಡು ಉಳಿಸಿಕೊಂಡಿದ್ದೇನೆ. ಒಂದರಲ್ಲಿ ಹೊರಅಂಚಿನ ಉದ್ದಕ್ಕೂ ರಬ್ಬರ್ ಇದೆ, ಉಗುರು ಇಳಿಯುತ್ತದೆ, ಸಂದಿಗಳು ಅಂಚಿಗೆ ತೆರೆದಿವೆ, ಆದರೆ ನಾಲಿಗೆ ದಿಂಬಿನಷ್ಟು ದಪ್ಪ. ಇನ್ನೊಂದರ ಮೆಶ್‌ನಲ್ಲಿ ಬೆರಳು ಸ್ಪಷ್ಟವಾಗಿ ಕಾಣುತ್ತದೆ, ನಾಲಿಗೆ ಕಾಗದದಂತೆ, ಇನ್‌ಸೋಲ್ ಹೊರಬರುತ್ತದೆ. ರಬ್ಬರ್ ಮಾತ್ರ ಸ್ವಲ್ಪ ಗಟ್ಟಿ, ಹೊರಅಂಚಿನಲ್ಲಿ ಅರ್ಧದವರೆಗೆ ಮಾತ್ರ.

ಅಚ್ಚುಮನೆ:
ಮೊದಲನೆಯದು. ನೀವು ಬಿದ್ದರೆ ಒಣಗುವ ಮಾತೇ ಬರುವುದಿಲ್ಲ.

ಬಕೆಟ್ ಪರೀಕ್ಷೆ:
ದಿಂಬಿನ ನಾಲಿಗೆ ವಾರದಲ್ಲಿ ನಾಲ್ಕು ದಿನ ಒದ್ದೆ ಶೂನಲ್ಲಿ ಓಡಿಸುತ್ತದೆ, ಬೊಬ್ಬೆಯೂ ವಾಸನೆಯೂ ಜೊತೆಗೆ. ಎರಡನೆಯದರಲ್ಲಿ ಆ ಅರ್ಧ ರಬ್ಬರ್ ನಿಮ್ಮ ಪಾದ ಇಳಿಯುವ ಜಾಗದವರೆಗೆ ಬರುತ್ತದೆಯೇ? ಬರುವುದಾದರೆ ನಾನು ಅದನ್ನೇ ಕೊಳ್ಳುತ್ತೇನೆ.

ಅಚ್ಚುಮನೆ:
ಗಟ್ಟಿ ಎಂದಿದ್ದಾರಲ್ಲ. ಜಾಗಕ್ಕೆ ಬಂದರೂ ಬಣ್ಣದ ಪಟ್ಟಿಯ ಮೇಲೆ ನಂಬಲಾರೆ. ಮೊದಲನೆಯದನ್ನು ಕೊಂಡು ಅದರ ಇನ್‌ಸೋಲನ್ನು ತೆಳುವಾದ ಮುಚ್ಚಿದ ಗುಳ್ಳೆಯ ಫೋಮಿನದಕ್ಕೆ ಬದಲಾಯಿಸಲಿ, ಒದ್ದೆ ಸಾಕಷ್ಟು ಕಡಿಮೆಯಾಗುತ್ತದೆ. ರಬ್ಬರನ್ನು ಬದಲಾಯಿಸಲಾಗುವುದಿಲ್ಲ.

ನೀಲಿ ಲೇಸ್:
ಅಥವಾ ಜೀಬ್ರಾ ಪಟ್ಟಿಯ ಮೇಲೆ ತಿರುಗದೆ, ದಾಟಿದ ಮೇಲೆ ತಿರುಗಬಹುದು.

ಮುಂಜಾನೆ ಓಟ:
ನೀಲಿ ಲೇಸ್ ಅವರೇ, ಪಟ್ಟಿ ಮುಗಿದ ಕೂಡಲೇ ಕಬ್ಬಿಣದ ಮುಚ್ಚಳವಿದೆ. ಎರಡನೆಯ ಶೂನ ರಬ್ಬರ್ ಎಲ್ಲಿಯವರೆಗೆ ಬರುತ್ತದೆ ಎಂದು ನಾಳೆ ಇನ್ನೊಮ್ಮೆ ಹೋಗಿ ಅಳೆದು ಬರೆಯುತ್ತೇನೆ. ಇನ್‌ಸೋಲ್ ಮುಚ್ಚಿದ ಗುಳ್ಳೆಯದೋ ತೆರೆದದ್ದೋ ಎಂದು ಅಂಗಡಿಯಲ್ಲೇ ತಿಳಿಯುವುದು ಹೇಗೆ?

ಬಕೆಟ್ ಪರೀಕ್ಷೆ:
ಇನ್‌ಸೋಲಿನ ಕೆಳಗಿನ ಮುಖಕ್ಕೆ ಬಾಯಿ ಒತ್ತಿ ಊದಿ. ಉಸಿರು ಆಚೆ ಬದಿಗೆ ಹೊರಟರೆ ತೆರೆದದ್ದು, ನೀರೂ ಹಾಗೆಯೇ ಒಳಗೆ ಹೋಗುತ್ತದೆ. ಅಂಗಡಿಯವರು ನೋಡಿದರೆ ನನ್ನ ಹೆಸರು ಹೇಳಬೇಡಿ.